ಬೂಸ್ಟರ್ ಕಳಚುವ ಮುಂಚಿನ 19 ಸೆಕೆಂಡುಗಳು

ಮಂಗಳೂರಿನ ನಮ್ಮ ಸ್ಟುಡಿಯೋದಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ಚಂದ್ರಯಾನ-3ರ ಉಡಾವಣೆಯ ವಿಡಿಯೋ ತಯಾರಾಗುತ್ತಿತ್ತು. ಸ್ಕ್ರಿಪ್ಟ್ ನನ್ನದು. ಮೊದಲ ಕಟ್ ನೋಡಿದ ಮ್ಯಾನೇಜರ್, ಪ್ರತಿ ಹಂತ ಕಳಚುವಾಗಲೂ ಹತ್ತರಿಂದ ಎಣಿಕೆ ಬರಲಿ, ಸೊನ್ನೆಗೆ ಹಳೆಯದು ಬಿದ್ದು ಹೊಸದು ಹೊತ್ತಿಕೊಳ್ಳಲಿ ಎಂದರು. ಸಂಕಲನಕಾರರು ಹಾಗೆಯೇ ಕತ್ತರಿಸಿಯೂ ಬಿಟ್ಟರು. ನನಗೆ ಅದು ಇಂದಿಗೂ ಚುಚ್ಚುತ್ತದೆ.

ಚಂದ್ರಯಾನ-3ನ್ನು ಹೊತ್ತ ಎಲ್‌ವಿಎಂ3 ರಾಕೆಟ್ ನೆಲ ಬಿಡುವಾಗ ಉರಿಯುವುದು ಪಕ್ಕದ ಎರಡು ಘನ ಇಂಧನದ ಬೂಸ್ಟರ್‌ಗಳು ಮಾತ್ರ. ನಡುವಿನ ದ್ರವ ಇಂಧನದ ಹಂತ ಹೊತ್ತಿಕೊಳ್ಳುವುದು ಸುಮಾರು 108ನೆಯ ಸೆಕೆಂಡಿಗೆ, ಆಕಾಶದಲ್ಲಿ. ಬೂಸ್ಟರ್‌ಗಳು ಕಳಚುವುದು 127ಕ್ಕೆ, ಸುಮಾರು 62 ಕಿ.ಮೀ. ಎತ್ತರದಲ್ಲಿ. ನಡುವಿನ 19 ಸೆಕೆಂಡು ಎರಡೂ ಒಟ್ಟಿಗೆ ಉರಿಯುತ್ತವೆ. ಬೂಸ್ಟರ್‌ಗಳ ನೂಕುಬಲ ಕುಗ್ಗುತ್ತಿರುವಾಗಲೇ ಹೊಸ ಎಂಜಿನ್‌ಗಳು ಭಾರ ಹೊರಲು ಸಜ್ಜಾಗಿರುತ್ತವೆ. ಕಟ್‌ನಲ್ಲಿ ಮಾಯವಾಗಿದ್ದುದು ಇದೇ ಭಾಗ.

ಉಡುಪಿಯ ಶಾಲೆಯೊಂದರಲ್ಲಿ ಆ ಕಟ್ ತೋರಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಬೂಸ್ಟರ್ ಖಾಲಿಯಾದರೂ ಅಂಟಿಕೊಂಡೇ ಇದ್ದರೆ ಏನು ನಷ್ಟ?" ಎಂದು ಕೇಳಿದಳು. ಉತ್ತರವನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ನಡುವಿನ ಹಂತದ ನೂಕುಬಲ ಸುಮಾರು 1,600 ಕಿಲೋನ್ಯೂಟನ್. ಬೂಸ್ಟರ್ ಕಳಚಿದ ಮೇಲೆ ಉಳಿಯುವ ರಾಕೆಟ್ಟಿನ ತೂಕ ಸುಮಾರು 160 ಟನ್. ಭಾಗಿಸಿದರೆ ಎಂಜಿನ್ ಕೊಡುವ ವೇಗೋತ್ಕರ್ಷ, ಅಂದರೆ ಪ್ರತಿ ಸೆಕೆಂಡಿಗೂ ಏರುವ ವೇಗ, ಸೆಕೆಂಡಿಗೆ 10 ಮೀಟರ್. ಖಾಲಿ ಕವಚಗಳ ಸುಮಾರು 60 ಟನ್ ಸೇರಿಸಿ ಭಾಗಿಸಿದರೆ ಬರೀ 7.3. ಸತ್ತ ಭಾರ ಹೊತ್ತರೆ ಕಾಲು ಭಾಗದಷ್ಟು ನಷ್ಟ. ಅವಳು ತಾನೇ ಭಾಗಾಕಾರ ಮಾಡಿ ಒಪ್ಪಿಕೊಂಡಳು. ಈ ಲೆಕ್ಕ ಸ್ಕ್ರಿಪ್ಟಿನಲ್ಲಿ ಇರಲೇಬೇಕು ಎಂದು ನಾನು ಪಟ್ಟು ಹಿಡಿದೆ.

ಮುಂದಿನ ಕಳಚುವಿಕೆಯ ಲಯವೇ ಬೇರೆ. ಸುಮಾರು 306ನೆಯ ಸೆಕೆಂಡಿಗೆ ನಡುವಿನ ಹಂತ ಬೇರ್ಪಟ್ಟು, ಮೇಲಿನ ಕ್ರಯೋಜೆನಿಕ್ ಎಂಜಿನ್ ಹೊತ್ತಿಕೊಳ್ಳುವುದು ಎರಡೂವರೆ ಸೆಕೆಂಡಿನಷ್ಟು ತಡವಾಗಿ. ಆ ಹೊತ್ತಿನಲ್ಲಿ ನೂಕುವವರೇ ಇಲ್ಲ. ಆದರೂ ರಾಕೆಟ್ ತಟಸ್ಥವಾಗಿ ನಿಲ್ಲುವುದಿಲ್ಲ, ಗಳಿಸಿದ ವೇಗದಲ್ಲೇ ಸಾಗುತ್ತದೆ. ಸೆಕೆಂಡಿಗೆ ಸುಮಾರು 4.6 ಕಿ.ಮೀ. ಎಂದರೆ ಅಷ್ಟರಲ್ಲಿ ಮಂಗಳೂರಿನ ಹಂಪನಕಟ್ಟೆಯಿಂದ ಉಳ್ಳಾಲ ದಾಟುವಷ್ಟು ದೂರ. ಇಲ್ಲಿ ಎಣಿಕೆ ಬೇಡ, ನಿರೂಪಕರು ಸುಮ್ಮನಿರಬೇಕು. ಸಂಗೀತವೂ ನಿಲ್ಲಬೇಕು.

ಇನ್ನೊಂದು ಮಾತು. ಘನ ಇಂಧನದ ಬೂಸ್ಟರ್ ಬೇಕೆಂದಾಗ ಆರುವುದಿಲ್ಲ. ಅದರ ಬಲ ಕುಗ್ಗಿದ್ದನ್ನು ರಾಕೆಟ್ಟಿನ ಕಂಪ್ಯೂಟರ್ ಗುರುತಿಸಿ ಕಳಚುತ್ತದೆ. ಹಾಗಾಗಿ ಅಲ್ಲಿ "ಮೂರು, ಎರಡು, ಒಂದು" ಎನ್ನುವುದು ಮಕ್ಕಳಿಗೆ ತಪ್ಪು ಭೌತಶಾಸ್ತ್ರ ಕಲಿಸುತ್ತದೆ. ನಾನು ಬರೆದುಕೊಟ್ಟ ಬದಲಿ ಸಾಲು ಹೀಗಿತ್ತು: "ಬಲ ಇಳಿಯುತ್ತಿದೆ... ಇನ್ನೂ ಇಳಿಯುತ್ತಿದೆ... ಕಳಚಿತು."

ವಾದ ಮುಗಿದು 19 ಸೆಕೆಂಡುಗಳು ಮರಳಿ ಬಂದವು. ಟ್ರೇಲರಿನಲ್ಲಿ ಮಾತ್ರ ಹತ್ತರ ಎಣಿಕೆ ಉಳಿಯಿತು, ಅದಕ್ಕೆ ನನ್ನ ಸಮ್ಮತಿ ಇಲ್ಲ. ಮುಂದಿನ ವಿಡಿಯೋ ಪಿಎಸ್‌ಎಲ್‌ವಿ ರಾಕೆಟ್ಟಿನದು. ಅದರ ಮೂರನೆಯ ಹಂತ ಉರಿದು ಮುಗಿದ ಮೇಲೆ ನಾಲ್ಕನೆಯದು ಹೊತ್ತುವ ಮುನ್ನ ನಿಮಿಷಗಟ್ಟಲೆ ತೇಲುವ ಅವಧಿ ಇದೆ. ಅದಕ್ಕೆ ಎಷ್ಟು ಸಮಯ ಬೇಕೆಂದು ಈ ಸಲ ಮೊದಲೇ ಇಮೇಲ್‌ನಲ್ಲಿ ಬರೆದು ಕಳುಹಿಸಿದ್ದೇನೆ.