ಶಾಲಾ ವಾರ್ಷಿಕೋತ್ಸವದ ಅಂದಾಜು ಪಟ್ಟಿ: ಇಲ್ಲಿಯವರೆಗಿನ ಕೆಲಸ

ಈ ವರ್ಷದ ವಾರ್ಷಿಕೋತ್ಸವದ ಲೆಕ್ಕಪತ್ರದ ಹೊಣೆ ನನ್ನದು. ಒಟ್ಟು ವೆಚ್ಚವನ್ನು ನೂರು ಪಾಲು ಎಂದು ಇಟ್ಟುಕೊಂಡು ಬರೆಯುತ್ತೇನೆ; ಮೊತ್ತ ಯಾವುದೇ ಆಗಿರಲಿ, ಒಂದು ಬಾಬಿಗೂ ಇನ್ನೊಂದಕ್ಕೂ ಇರುವ ಸಂಬಂಧ ಹೀಗೆ ಬರೆದಾಗಲೇ ಸ್ಪಷ್ಟವಾಗಿ ಕಾಣುತ್ತದೆ. ಸಮಿತಿ ಮೊದಲು ಒಪ್ಪಿದ ಹಂಚಿಕೆಯಲ್ಲಿ ವೇದಿಕೆ ಮತ್ತು ಬೆಳಕಿಗೆ 34, ಧ್ವನಿವರ್ಧಕಕ್ಕೆ 14, ವೇಷಭೂಷಣಕ್ಕೆ 28, ಬಹುಮಾನಕ್ಕೆ 12, ಮೀಸಲಿಗೆ 12 ಪಾಲುಗಳಿದ್ದವು. ಇದರಲ್ಲಿ 40 ಪಾಲು ಶಾಲೆಯ ನಿಧಿಯಿಂದ, ಉಳಿದ 60 ಪಾಲು ಪೋಷಕರ ವಂತಿಗೆಯಿಂದ ಬರಬೇಕು.

ವೇದಿಕೆ ಮತ್ತು ಧ್ವನಿ

ವೇದಿಕೆಯ ಬಾಡಿಗೆ ಚದರ ಅಡಿಯ ಲೆಕ್ಕದಲ್ಲಿ ಏರುವುದರಿಂದ, ಎಷ್ಟು ದೊಡ್ಡ ವೇದಿಕೆ ಬೇಕೆಂಬುದನ್ನು ನೃತ್ಯದ ಸಾಲುಗಳೇ ನಿರ್ಧರಿಸುತ್ತವೆ. ಅತಿ ದೊಡ್ಡ ಗುಂಪಿನ ಮಕ್ಕಳನ್ನು ಎಂಟೆಂಟರ ಎರಡು ಸಾಲಾಗಿ ನಿಲ್ಲಿಸುವ ಯೋಚನೆಯಿತ್ತು. ಕೈ ಚಾಚಲು ಒಬ್ಬೊಬ್ಬರಿಗೆ 4 ಅಡಿ ಬಿಟ್ಟರೂ ಅಗಲವೇ 32 ಅಡಿಯಾಗುತ್ತದೆ. ನಾಟಕದ ರಂಗಸಜ್ಜಿಕೆಗಾಗಿ ಆಳ ಹೇಗೂ 24 ಅಡಿ ಬೇಕಿತ್ತು. ನೃತ್ಯ ಕಲಿಸುವ ಶಿಕ್ಷಕಿಯೊಂದಿಗೆ ಕುಳಿತು ಅದೇ ಗುಂಪನ್ನು ಮೂರು ಸಾಲಿಗೆ ಬದಲಿಸಿದಾಗ ಒಂದು ಸಾಲಿನಲ್ಲಿ ಆರಕ್ಕಿಂತ ಹೆಚ್ಚು ಮಕ್ಕಳು ಉಳಿಯಲಿಲ್ಲ, ಅಗಲ 24 ಅಡಿಗೆ ಇಳಿಯಿತು. 768 ಚದರ ಅಡಿಯ ಜಾಗದಲ್ಲಿ 576 ಸಾಕಾಯಿತು. ವೇದಿಕೆಯ ಬಾಬಿನಲ್ಲಿ ಹಲಗೆಯ ಅಟ್ಟಣಿಗೆಗೇ 16 ಪಾಲು ಹೋಗುತ್ತಿದ್ದುದರಿಂದ, ಕಾಲು ಭಾಗ ಕಡಿಮೆಯಾದದ್ದು ಎಂದರೆ 4 ಪಾಲು ಉಳಿದಂತೆ. ಈ ಬದಲಾವಣೆ ನೃತ್ಯಾಭ್ಯಾಸ ಶುರುವಾಗುವ ಮೊದಲೇ ಆಗಬೇಕು, ಏಕೆಂದರೆ ಹೆಜ್ಜೆ ಕಲಿತ ಮೇಲೆ ಸಾಲು ಬದಲಿಸಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಆ 4 ಪಾಲುಗಳನ್ನು ಧ್ವನಿವರ್ಧಕಕ್ಕೆ ಸೇರಿಸಿದ್ದೇವೆ. ಬಂದಿದ್ದ ದರಪಟ್ಟಿಗಳಲ್ಲಿ ಅತಿ ಕಡಿಮೆಯದರಲ್ಲಿ ಪೂರ್ವಾಭ್ಯಾಸದ ಹೊತ್ತಿನ ಬಾಡಿಗೆಯಾಗಲಿ, ಉಪಕರಣ ನೋಡಿಕೊಳ್ಳುವವರ ಕೂಲಿಯಾಗಲಿ, ನಾಟಕಕ್ಕೆ ಬೇಕಾದ ಹೆಚ್ಚುವರಿ ಮೈಕ್‌ಗಳಾಗಲಿ ಸೇರಿರಲಿಲ್ಲ. ಎಷ್ಟು ಮೈಕ್, ಎಷ್ಟು ಗಂಟೆ, ಸಮಯ ಮೀರಿದರೆ ಗಂಟೆಗೆ ಎಷ್ಟು, ವಿದ್ಯುತ್ ಹೋದರೆ ಜನರೇಟರ್ ಯಾರದು ಎಂಬ ಒಂದೇ ಪ್ರಶ್ನೆಪಟ್ಟಿಯನ್ನು ಎಲ್ಲರಿಗೂ ಕೊಟ್ಟು ಮತ್ತೆ ದರ ಕೇಳಿದಾಗ ಅಗ್ಗದ ದರಪಟ್ಟಿಯೇ ಎಲ್ಲಕ್ಕಿಂತ ದುಬಾರಿಯಾಯಿತು. ಮಕ್ಕಳ ಮಾತು ಹಿಂದಿನ ಸಾಲಿಗೆ ಕೇಳಿಸದಿದ್ದರೆ ನಾಟಕಕ್ಕೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ಅದೇ ಮೈಕ್‌ಗಳಲ್ಲಿ ಒಂದು ಪೂರ್ವಾಭ್ಯಾಸ ಆಗಲೇಬೇಕೆಂದು ನಾನು ಪಟ್ಟು ಹಿಡಿದೆ. ಈಗ ವೇದಿಕೆ 30, ಧ್ವನಿ 18.

ಬಹುಮಾನ

ಸ್ಪರ್ಧೆಗಳು ಇಪ್ಪತ್ತು, ಒಂದೊಂದಕ್ಕೆ ಮೂರು ಸ್ಥಾನ, ಹಾಗಾಗಿ ಬಹುಮಾನ 60 ಎಂದು ಮೊದಲ ಪಟ್ಟಿಯಲ್ಲಿತ್ತು. ಇವುಗಳಲ್ಲಿ ನಾಲ್ಕು ಸ್ಪರ್ಧೆಗಳು ಎಂಟೆಂಟು ಮಕ್ಕಳ ತಂಡಗಳದ್ದು. ತಂಡದ ಪ್ರತಿಯೊಬ್ಬರಿಗೂ ಬಹುಮಾನ ಕೊಟ್ಟರೆ ತಂಡಸ್ಪರ್ಧೆಗಳಿಗೇ 96 ಬೇಕು, ವೈಯಕ್ತಿಕ 48ನ್ನು ಕೂಡಿಸಿದರೆ 144. ಆದ್ದರಿಂದ ತಂಡಕ್ಕೆ ಒಂದು ಫಲಕ, ಸದಸ್ಯರಿಗೆಲ್ಲ ಹೆಸರು ಬರೆದ ಪ್ರಮಾಣಪತ್ರ ಎಂಬ ನಿಯಮ ಮಾಡಿದೆವು. ಎಣಿಕೆ 60ರಲ್ಲೇ ನಿಂತಿತು.

ವಂತಿಗೆ

ಹೆಚ್ಚು ಚರ್ಚೆಯಾದದ್ದು ಇದೇ. ಶಾಲೆಯಲ್ಲಿ 300 ಮಕ್ಕಳಿದ್ದಾರೆ. 60 ಪಾಲನ್ನು 300ರಿಂದ ಭಾಗಿಸಿ ತಲೆಗೆ ಒಂದು ಪಾಲಿನ ಐದನೆಯ ಒಂದು ಭಾಗ ಎಂದು ಗೊತ್ತುಮಾಡೋಣ ಎಂಬುದು ಹಲವರ ಸಲಹೆಯಾಗಿತ್ತು. ಆದರೆ ವಂತಿಗೆ ಕೊಡುವುದು ಕುಟುಂಬ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ಶಾಲೆಯಲ್ಲಿರುವುದರಿಂದ ಕುಟುಂಬಗಳು 270. ಅವರಲ್ಲಿ ಸುಮಾರು 30 ಕುಟುಂಬಗಳಿಗೆ ಕೊಡುವುದು ಕಷ್ಟವೆಂದು ತರಗತಿ ಶಿಕ್ಷಕರಿಗೆ ಗೊತ್ತಿದೆ. ಕೊಡಬಲ್ಲ 240 ಕುಟುಂಬಗಳಿಂದ ಐದನೆಯ ಒಂದು ಭಾಗದಂತೆ ಸಂಗ್ರಹಿಸಿದರೆ ಬರುವುದು 48 ಪಾಲು ಮಾತ್ರ. ಕೊರತೆ 12 ಪಾಲು, ಎಂದರೆ ಬಹುಮಾನದ ಇಡೀ ಬಾಬು. ಈ ಕೊರತೆ ಎಲ್ಲ ಬಾಬುಗಳಿಗೂ ಸಮನಾಗಿ ತಟ್ಟುವುದಿಲ್ಲ. ವೇದಿಕೆ, ಧ್ವನಿ, ವೇಷಭೂಷಣಗಳಿಗೆ ಮೊದಲೇ ಮಾತು ಕೊಟ್ಟಾಗಿರುತ್ತದೆ. ಕೊನೆಯಲ್ಲಿ ಕೊಳ್ಳುವುದು ಬಹುಮಾನ, ಕತ್ತರಿ ಬೀಳುವುದೂ ಅದಕ್ಕೇ. ಆದ್ದರಿಂದ 60ನ್ನು 240ರಿಂದ ಭಾಗಿಸಿ, ಕುಟುಂಬಕ್ಕೆ ಕಾಲು ಪಾಲು ಎಂದು ನಿಗದಿಪಡಿಸಿದ್ದೇವೆ.

ವೇಷಭೂಷಣದ ಹಣವನ್ನು ಬೇರೆಯಾಗಿ ಕೇಳದಿರುವುದು ಇನ್ನೊಂದು ತೀರ್ಮಾನ. ನೃತ್ಯಕ್ಕೆ ಇಷ್ಟು ಎಂದು ಆಯಾ ತರಗತಿಯಲ್ಲಿ ಸಂಗ್ರಹಿಸಿದರೆ ಆ ಹಣ ಮುಖ್ಯ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ, ಎರಡು ನೃತ್ಯಗಳಲ್ಲಿರುವ ಮಗುವಿನ ಮನೆಗೆ ಎರಡು ಸಲ ಹೊರೆಯಾಗುತ್ತದೆ, ಕೊಡಲಾಗದ ಮನೆಯ ಮಗು ತನಗೆ ಕುಣಿಯಲು ಇಷ್ಟವಿಲ್ಲವೆಂದು ಹೇಳಿ ಹಿಂದೆ ಸರಿಯುತ್ತದೆ. ಯಾವ ಮಗುವೂ ಹಾಗೆ ಹೇಳಬೇಕಾದ ಸ್ಥಿತಿ ನಮ್ಮ ಶಾಲೆಯಲ್ಲಿ ಬರಬಾರದು. ವಂತಿಗೆಯನ್ನು ಕಚೇರಿಯಲ್ಲಿ ಮಾತ್ರ ಪಡೆದು ರಸೀದಿ ಕೊಡುತ್ತಿದ್ದೇವೆ. ಕೊಟ್ಟವರ ಪಟ್ಟಿಯನ್ನು ತರಗತಿಯಲ್ಲಿ ಓದುವುದಿಲ್ಲ, ಫಲಕದಲ್ಲಿ ಹಾಕುವುದೂ ಇಲ್ಲ.

ಕೈಯಲ್ಲಿರಬೇಕಾದ ಹಣ

ಆದಾಯ ನೂರು, ವೆಚ್ಚ ನೂರು ಎಂದು ಪಟ್ಟಿ ಸರಿದೂಗಿದರೂ ಕಾರ್ಯಕ್ರಮದ ದಿನ ಹಣ ಸಾಲದೆ ಹೋಗಬಹುದು, ಇದಕ್ಕೆ ಕಾರಣ ವೇಷಭೂಷಣದ ಠೇವಣಿ. ಬಾಡಿಗೆಗೆ ಕೊಡುವವರು ಬಾಡಿಗೆಯಷ್ಟೇ ಮೊತ್ತದ ಠೇವಣಿ ಕೇಳಿದ್ದಾರೆ. ಉಡುಪುಗಳನ್ನು ಹರಿಯದೆ, ಕಲೆಯಾಗದೆ ಹಿಂದಿರುಗಿಸಿದರೆ ಅದು ಪೂರ್ತಿ ವಾಪಸಾಗುತ್ತದೆ, ಹಾಗಾಗಿ ಅದನ್ನು ವೆಚ್ಚದಲ್ಲಿ ತೋರಿಸಿಲ್ಲ. ಆದರೆ ಉಡುಪು ತರುವ ದಿನ ಅದು ಕೈಯಿಂದ ಹೋಗಲೇಬೇಕು. ಮೀಸಲನ್ನು ಬಿಟ್ಟು ನಾಲ್ಕು ಬಾಬುಗಳ ವೆಚ್ಚ 88 ಪಾಲು. ಅದಕ್ಕೆ ಠೇವಣಿಯ 28 ಸೇರಿದರೆ ಕಾರ್ಯಕ್ರಮದ ಸಂಜೆಯ ಹೊತ್ತಿಗೆ 116 ಪಾಲು ಬೇಕು. ಇರುವುದು ಹೆಚ್ಚೆಂದರೆ ನೂರು.

ಇದನ್ನು ತೋರಿಸಿ ವೇದಿಕೆಯವರನ್ನೂ ಧ್ವನಿವರ್ಧಕದವರನ್ನೂ ಕೇಳಿಕೊಂಡೆವು. ಅರ್ಧ ಮುಂಗಡವಾಗಿ, ಉಳಿದರ್ಧವನ್ನು ಕಾರ್ಯಕ್ರಮ ಮುಗಿದ ಮೂರು ದಿನಗಳಲ್ಲಿ ಪಡೆಯಲು ಇಬ್ಬರೂ ಒಪ್ಪಿ ಬರೆದುಕೊಟ್ಟಿದ್ದಾರೆ. ಉಡುಪುಗಳನ್ನು ಮರುದಿನವೇ ಹಿಂದಿರುಗಿಸುವುದರಿಂದ ಠೇವಣಿ ಅಷ್ಟರಲ್ಲಿ ಕೈಸೇರುತ್ತದೆ. ಹೀಗೆ ಮುಂಗಡ 24, ಬಾಡಿಗೆ 28, ಠೇವಣಿ 28, ಬಹುಮಾನ 12 ಸೇರಿ ಕಾರ್ಯಕ್ರಮಕ್ಕೆ ಮೊದಲು ಬೇಕಾಗುವುದು 92 ಪಾಲು.

ಉಡುಪುಗಳನ್ನು ಎಣಿಸಿ, ಹಳೆಯ ಹರಕು ಮತ್ತು ಕಲೆಗಳನ್ನು ತರುವಾಗಲೇ ಬರೆದು ಸಹಿ ಪಡೆಯಲು ಇಬ್ಬರು ಪೋಷಕರು ಮುಂದೆ ಬಂದಿದ್ದಾರೆ. ಈ ಪಟ್ಟಿ ಇಲ್ಲದಿದ್ದರೆ ಮೊದಲೇ ಇದ್ದ ಕಲೆಗೂ ಠೇವಣಿಯಿಂದ ಹಣ ಮುರಿದುಕೊಳ್ಳುತ್ತಾರೆ.

ಇಂದಿನ ಸ್ಥಿತಿ

ಇಲ್ಲಿಯವರೆಗೆ 164 ಕುಟುಂಬಗಳು ವಂತಿಗೆ ಕೊಟ್ಟಿದ್ದು 41 ಪಾಲು ಸೇರಿದೆ. ಶಾಲೆಯ 40 ಸೇರಿ 81. ಉಡುಪು ತರುವ ದಿನದೊಳಗೆ ಇನ್ನೂ 11 ಪಾಲು, ಎಂದರೆ 44 ಕುಟುಂಬಗಳ ವಂತಿಗೆ ಬರಬೇಕು. ಬಾರದಿದ್ದರೆ ಠೇವಣಿಯ ಒಂದು ಭಾಗಕ್ಕೆ ಹಣದ ಬದಲು ಶಾಲೆಯ ಹೊಣೆಪತ್ರ ಸ್ವೀಕರಿಸುವಿರಾ ಎಂದು ಉಡುಪಿನವರನ್ನು ಕೇಳಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ. ಮೀಸಲಿನ 12 ಪಾಲನ್ನು ಸದ್ಯಕ್ಕೆ ಯಾವ ಬಾಬಿಗೂ ಕೊಟ್ಟಿಲ್ಲ.