ಸಿಸಿ ಖಾತೆಯ ಡಿಪಿ: ಕೂಡಿಸಿದ್ದು ಸರಿ, ಅಂಕಿ ಸರಿಯೇ?

ಬ್ಯಾಂಕ್ ಶಾಖೆಗಳಲ್ಲಿ ಕಾನ್ಕರೆಂಟ್ ಆಡಿಟ್ ಮಾಡುವುದು ನನ್ನ ಕೆಲಸ. ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಪಾರ್ಟಿಯ ಸ್ಟಾಕ್ ಮತ್ತು ಬರಬೇಕಾದ ಬಾಕಿಯ ಆಧಾರದ ಮೇಲೆ ಎಷ್ಟು ಹಣ ತೆಗೆಯಬಹುದು ಎಂಬುದೇ ಡ್ರಾಯಿಂಗ್ ಪವರ್, ಅಂದರೆ ಡಿಪಿ. ಅದರ ಲೆಕ್ಕದಲ್ಲಿ ಕೂಡಿ ಕಳೆದಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತದೆ. ಎಡವಟ್ಟು ಇರುವುದು ಪಾರ್ಟಿ ಕೊಟ್ಟ ಅಂಕಿಗಳಲ್ಲಿ.

ಹಾರ್ಡ್‌ವೇರ್ ಸಗಟು ವ್ಯಾಪಾರಿಯೊಬ್ಬರ ಖಾತೆ ನೋಡಿ. ಲಿಮಿಟ್ 1.50 ಕೋಟಿ, ಬಾಕಿ 1.42 ಕೋಟಿ. ಪಾರ್ಟಿ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ಸ್ಟಾಕ್ 160 ಲಕ್ಷ, ಕ್ರೆಡಿಟರ್ಸ್, ಅಂದರೆ ಸಪ್ಲೈಯರ್‌ಗಳಿಗೆ ಕೊಡಬೇಕಾದದ್ದು, 40 ಲಕ್ಷ. ಉಳಿದ 120 ಲಕ್ಷಕ್ಕೆ 25% ಮಾರ್ಜಿನ್ ಕಳೆದು 90 ಲಕ್ಷ. ಡೆಟರ್ಸ್, ಅಂದರೆ ಗಿರಾಕಿಗಳಿಂದ ಬರಬೇಕಾದದ್ದು, 120 ಲಕ್ಷ, 40% ಮಾರ್ಜಿನ್ ಹೋಗಿ 72 ಲಕ್ಷ. ಒಟ್ಟು ಡಿಪಿ 1.62 ಕೋಟಿ. ಚಿಂತೆಯೇ ಇಲ್ಲ ಅನಿಸುತ್ತದೆ, ಅಲ್ವಾ?

ನಾನು ಮೊದಲು ಹಿಡಿಯುವುದು ಕ್ರೆಡಿಟರ್ಸ್ ಅಂಕಿಯನ್ನು. ಗೋದಾಮಿಗೆ ಹೋದರೆ ಸ್ಟಾಕ್ ಕಣ್ಣಿಗೆ ಕಾಣುತ್ತದೆ, ಅದಕ್ಕೆ ದುಡ್ಡು ಕೊಟ್ಟಿದ್ದಾರೋ ಇಲ್ಲವೋ ಕಾಣುವುದಿಲ್ಲ. ಹಿಂದಿನ ತಿಂಗಳ ಕೊನೆಯಲ್ಲಿ ಸಪ್ಲೈಯರ್‌ಗಳಿಗೆ ಕೊಡಬೇಕಾದದ್ದು 38 ಲಕ್ಷ ಇತ್ತು. ಸಪ್ಲೈಯರ್‌ಗಳು ಸಲ್ಲಿಸಿದ ಬಿಲ್ಲುಗಳಿಂದ ತಯಾರಾಗುವ ಜಿಎಸ್‌ಟಿಆರ್-2ಬಿ ಪ್ರಕಾರ ಸ್ಟೇಟ್‌ಮೆಂಟ್ ತಿಂಗಳ ಖರೀದಿ, ತೆರಿಗೆ ಸೇರಿಸಿ, 62 ಲಕ್ಷ. ಅದರಲ್ಲಿ ಬಾಡಿಗೆ, ಮಷೀನಿನಂಥ ಬಿಲ್ಲುಗಳಿದ್ದರೆ ಮೊದಲೇ ತೆಗೆಯಬೇಕು. ಸಿಸಿ ಖಾತೆಯಿಂದ ಸಪ್ಲೈಯರ್‌ಗಳಿಗೆ ಹೋದದ್ದು 36 ಲಕ್ಷ. ಹಾಗಾದರೆ ಉಳಿಯಬೇಕಾದ್ದು 64 ಲಕ್ಷ, ಬರೆದದ್ದು 40. ಬೇರೆ ಬ್ಯಾಂಕಿನಿಂದ ಪಾವತಿ ಮಾಡಿರಬಹುದು, ಮಾಲು ವಾಪಸ್ ಹೋಗಿರಬಹುದು ಎಂದು ಲೆಡ್ಜರ್ ತರಿಸಿದೆ. ಅಲ್ಲೂ 64 ಲಕ್ಷವೇ ಇತ್ತು.

ಡೆಟರ್ಸ್ ಪಟ್ಟಿಯಲ್ಲಿ ಎಲ್ಲವೂ '90 ದಿನದೊಳಗೆ' ಎಂದಿತ್ತು. ಈ ಖಾತೆಯ ಮಂಜೂರಾತಿ ಪತ್ರದ ಪ್ರಕಾರ ಅದಕ್ಕಿಂತ ಹಳೆಯದನ್ನು ಡಿಪಿಗೆ ಸೇರಿಸುವಂತಿಲ್ಲ. ಇದನ್ನು ತಿಳಿಯಲು ಸುಲಭದ ದಾರಿ ಇದೆ. ಒಬ್ಬ ಗಿರಾಕಿಯ ಬಾಕಿ 18 ಲಕ್ಷ. ಕಳೆದ 90 ದಿನದಲ್ಲಿ ಅವನಿಗೆ ಮಾರಿದ್ದು 6 ಲಕ್ಷ ಮಾತ್ರ. ಅಂದರೆ ಕನಿಷ್ಠ 12 ಲಕ್ಷ ಹಳೆಯದೇ. ಹೀಗೆ ಎಲ್ಲರದ್ದೂ ನೋಡಿದಾಗ 30 ಲಕ್ಷ ಹೊರಗೆ ಹೋಯಿತು. ತಿಂಗಳ ಮೇಲೆ ತಿಂಗಳು ಒಂದು ರೂಪಾಯಿಯೂ ಬದಲಾಗದ ಬಾಕಿ ಕಂಡರೆ ಅಲ್ಲಿಂದಲೇ ಶುರು ಮಾಡಿ.

ಈಗ ಸ್ಟಾಕ್‌ನಿಂದ 160ರಲ್ಲಿ 64 ಕಳೆದು, ಮಾರ್ಜಿನ್ ಹೋಗಿ 72 ಲಕ್ಷ. ಡೆಟರ್ಸ್ 90 ಲಕ್ಷಕ್ಕೆ 54 ಲಕ್ಷ. ಡಿಪಿ 1.26 ಕೋಟಿ. ಬಾಕಿ 1.42 ಕೋಟಿ ಇರುವುದರಿಂದ ಖಾತೆ 16 ಲಕ್ಷ ಮೇಲೆ ಹೋಗಿದೆ.

"ಸರ್, ತುಂಬಾ ಹಳೇ ಪಾರ್ಟಿ, ಖಾತೆಯಲ್ಲಿ ವಹಿವಾಟು ಚೆನ್ನಾಗಿದೆ" ಎಂದರು ಮ್ಯಾನೇಜರ್. ವಹಿವಾಟು ನಿಜವೇ. ಆದರೆ ಬಾಕಿ ಡಿಪಿಯನ್ನು ಮೀರಿ 90 ದಿನ ಸತತವಾಗಿ ನಿಂತರೆ ಖಾತೆ ಎನ್‌ಪಿಎ ಆಗುತ್ತದೆ. ಪಾರ್ಟಿಗೂ ಅದೇ ದೊಡ್ಡ ಪೆಟ್ಟು. ಅವತ್ತೇ ಸಿಸ್ಟಮ್‌ನಲ್ಲಿ ಡಿಪಿ ತಿದ್ದಿಸಿ, 16 ಲಕ್ಷ ಕಟ್ಟಲು ಪತ್ರ ಕಳಿಸಿದೆವು. ಮುಂದಿನ ತಿಂಗಳಿಂದ ಸಪ್ಲೈಯರ್‌ಗಳ ಹೆಸರುವಾರು ಬಾಕಿ ಪಟ್ಟಿಯನ್ನೂ ಸ್ಟೇಟ್‌ಮೆಂಟ್ ಜೊತೆ ಕೊಡಲು ಹೇಳಿದೆವು.