ಯಾವುದರಿಂದ ಭಾಗಿಸಿದ್ದು ಎಂದು ಮೊದಲು ಕೇಳಿ

“ನಿಮ್ಮ ಸಂಘದ ಪೇಜಿನ ಎಂಗೇಜ್‌ಮೆಂಟ್ ರೇಟ್ ಎಷ್ಟು ಪರ್ಸೆಂಟ್, ಮಾಸ್ಟ್ರೇ? ಒಂದು ಸಂಖ್ಯೆ ಹೇಳಿದರೆ ಸಾಕು.”

ಪೋಸ್ಟ್‌ಗೆ ಜನ ಎಷ್ಟು ಸ್ಪಂದಿಸಿದರು ಎಂಬುದರ ಈ ದರವನ್ನು ಐವತ್ತು ಎಂದು ಹೇಳಬಹುದು, ಮೂರು ಎಂದೂ ಹೇಳಬಹುದು. ಎರಡೂ ನಿಜ, ಎರಡೂ ಒಂದೇ ವಿಡಿಯೊದ ಲೆಕ್ಕ. ನನಗೆ ಸಿಟ್ಟು ಬರುವುದು “ಹೇಳಿದರೆ ಸಾಕು” ಎಂಬ ಆ ಮಾತಿಗೆ. ಅಡಿಕೆ ಬೆಳೆಯುವವರ ಊರು ನಮ್ಮದು. ಫಸಲು ಎಷ್ಟು ಎಂದು ಯಾರಾದರೂ ಕೇಳಿದರೆ ಮರಕ್ಕೋ, ಎಕರೆಗೋ, ಹಸಿಯೋ, ಒಣಗಿಸಿದ್ದೋ ಎಂದು ತಿರುಗಿ ಕೇಳದೆ ಇಲ್ಲಿ ಯಾರೂ ಉತ್ತರಿಸುವುದಿಲ್ಲ. ಅದೇ ಜನ ಮೊಬೈಲ್ ಕೈಗೆತ್ತಿಕೊಂಡ ಕೂಡಲೇ ಆ ಎಚ್ಚರವನ್ನು ಬಿಟ್ಟುಬಿಡುತ್ತಾರೆ.

ಕುಂಬಳೆ ಸೀಮೆಯ ನಮ್ಮ ಸಣ್ಣ ಯಕ್ಷಗಾನ ಸಂಘದ ಇನ್‌ಸ್ಟಾಗ್ರಾಮ್ ಪೇಜನ್ನು ನಾನು ನೋಡಿಕೊಳ್ಳುತ್ತೇನೆ. ಫಾಲೋವರ್‌ಗಳು 4,200. ಕಳೆದ ವರ್ಷ ವಾರ್ಷಿಕ ತಾಳಮದ್ದಳೆಗೆ ಪ್ರಾಯೋಜಕರನ್ನು ಹುಡುಕುತ್ತಿದ್ದಾಗ ಒಂದು ಮಳಿಗೆಯವರು ಫೋನ್ ಮಾಡಿ ಮೇಲಿನ ಪ್ರಶ್ನೆಯನ್ನೇ ಕೇಳಿದರು. ನಾನು ಶ್ರದ್ಧೆಯಿಂದ ಲೆಕ್ಕ ಹಾಕಿ “ಶೇ. 3.5” ಎಂದೆ. “ಇನ್ನೊಂದು ತಂಡದವರು 26 ಹೇಳಿದ್ದಾರಲ್ಲ” ಎಂದು ಅವರು ಫೋನ್ ಇಟ್ಟರು. ಆ ತಂಡದವರು ಸುಳ್ಳು ಹೇಳಿರಲಿಲ್ಲ. ಅವರು ಭಾಗಿಸಿದ್ದು ಫಾಲೋವರ್‌ಗಳ ಸಂಖ್ಯೆಯಿಂದ, ನಾನು ಭಾಗಿಸಿದ್ದು ರೀಚ್‌ನಿಂದ. ಅವರ ದಾರಿಯಲ್ಲೇ ಲೆಕ್ಕ ಹಾಕಿದ್ದರೆ ನನಗೂ 26 ಬರುತ್ತಿತ್ತು. ಹೇಗೆ ಎಂಬುದನ್ನು ಅಂದು ಫೋನಿನಲ್ಲಿ ವಿವರಿಸಲಾಗಲಿಲ್ಲ, ಇಲ್ಲಿ ವಿವರಿಸುತ್ತೇನೆ.

ಭಾಗಾಕಾರದಲ್ಲಿ ಮೇಲಿನ ಸಂಖ್ಯೆ ಜನ ಏನಾದರೂ ಮಾಡಿದ್ದರ ಮೊತ್ತ: ಲೈಕ್, ಕಾಮೆಂಟ್, ಶೇರ್, ಸೇವ್. ಅದನ್ನು ಯಾವುದರಿಂದ ಭಾಗಿಸುತ್ತೀರಿ ಎಂಬಲ್ಲಿ ದಾರಿ ಒಡೆಯುತ್ತದೆ. ಫಾಲೋವರ್ ಎಂದರೆ ಎಂದೋ ಒಂದು ದಿನ ಪೇಜಿನ ಗುಂಡಿ ಒತ್ತಿದವರು. ರೀಚ್ ಎಂದರೆ ಈ ಪೋಸ್ಟ್ ಯಾರ ಪರದೆಯ ಮೇಲೆ ಬಂತೋ ಅಷ್ಟು ಖಾತೆಗಳು. ಒಬ್ಬರು ಹತ್ತು ಸಲ ನೋಡಿದರೂ ಒಂದೇ. ವ್ಯೂಸ್ ಎಂದರೆ ಎಷ್ಟು ಸಲ ಎಂಬುದು. ಮತ್ತೆ ಮತ್ತೆ ನೋಡಿದ್ದೆಲ್ಲ ಅದರಲ್ಲಿ ಸೇರುತ್ತದೆ.

ಈಗ ನಮ್ಮ ಎರಡು ಪೋಸ್ಟ್‌ಗಳನ್ನು ತೆಗೆದುಕೊಳ್ಳಿ.

ಮೊದಲನೆಯದು ಬಣ್ಣದ ವೇಷದ ಒಡ್ಡೋಲಗದ ರೀಲ್. ತೆರೆಯ ಹಿಂದಿನಿಂದ ವೇಷ ಅಬ್ಬರಿಸುತ್ತದೆ, ಚೆಂಡೆ ಏರುತ್ತದೆ, ನಲವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾಕಿ ಏಳು ದಿನಗಳಾದಾಗ ರೀಚ್ 2,800, ಪ್ರತಿಕ್ರಿಯೆಗಳು ಒಟ್ಟು 252. ರೀಚ್‌ನಿಂದ ಭಾಗಿಸಿದರೆ ಶೇ. 9, ಫಾಲೋವರ್‌ಗಳಿಂದ ಭಾಗಿಸಿದರೆ ಶೇ. 6. ಆಮೇಲೆ ಏನಾಯಿತೋ, ಮೂರನೆಯ ವಾರದಲ್ಲಿ ಅದು ಓಡತೊಡಗಿತು. ಆ ವಾರದ ಕೊನೆಗೆ ರೀಚ್ 63,000, ವ್ಯೂಸ್ 84,000, ಪ್ರತಿಕ್ರಿಯೆಗಳು 2,100. ಈಗ ಫಾಲೋವರ್ ಲೆಕ್ಕದಲ್ಲಿ ದರ ಶೇ. 50. ರೀಚ್ ಲೆಕ್ಕದಲ್ಲಿ ಶೇ. 3.3. ವ್ಯೂಸ್ ಲೆಕ್ಕದಲ್ಲಿ ಶೇ. 2.5.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಡಿಯೊ ಅದೇ, ಪೇಜ್ ಅದೇ. ಎರಡು ವಾರಗಳಲ್ಲಿ ಒಂದು ದರ 6ರಿಂದ 50ಕ್ಕೆ ಏರಿತು, ಇನ್ನೊಂದು 9ರಿಂದ 3.3ಕ್ಕೆ ಇಳಿಯಿತು. ಮೊದಲ ವಾರ ಅದನ್ನು ನೋಡಿದವರಲ್ಲಿ ಹೆಚ್ಚಿನವರು ನಮ್ಮವರೇ, ವೇಷಧಾರಿಯ ಪರಿಚಯ ಇದ್ದವರು, ಆ ರಾತ್ರಿ ಬಯಲಾಟಕ್ಕೆ ಬಂದವರು. ಹನ್ನೊಂದು ಜನರಲ್ಲಿ ಒಬ್ಬರು ಏನಾದರೂ ಮಾಡಿದರು. ಮೂರನೆಯ ವಾರ ಅದು ಅಪರಿಚಿತರ ಕೈಗೆ ಹೋಯಿತು. ಚೆಂಡೆಯ ಸದ್ದು ಕೇರಳದ ಉದ್ದಕ್ಕೂ ಬೇಕಾದದ್ದು; ಕಾಮೆಂಟ್‌ಗಳಲ್ಲಿ ಮಲಯಾಳ ತುಂಬಿತು, ಇದು ತೆಯ್ಯವೇ ಎಂದು ಕೇಳಿದವರೂ ಇದ್ದರು. ಅವರಲ್ಲಿ ಸುಮಾರು ಮೂವತ್ತು ಜನರಿಗೆ ಒಬ್ಬರು ಏನಾದರೂ ಒತ್ತಿ ಮುಂದೆ ಹೋದರು. ಅಪರಿಚಿತರು ಅಷ್ಟೇ ಮಾಡುವುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಅಪರಿಚಿತರ ಲೈಕ್‌ಗಳನ್ನು ನಮ್ಮ 4,200 ಜನರಿಂದ ಭಾಗಿಸಿ “ನಮ್ಮ ಫಾಲೋವರ್‌ಗಳಲ್ಲಿ ಅರ್ಧದಷ್ಟು ಜನ ಸ್ಪಂದಿಸಿದರು” ಎಂದರೆ ಅದು ಸುಳ್ಳು. ಮೇಲಿರುವವರು ಒಂದು ಗುಂಪು, ಕೆಳಗಿರುವವರು ಬೇರೆ ಗುಂಪು. ರೀಲ್ ಓಡಿಬಿಟ್ಟರೆ ಈ ದರ ನೂರನ್ನೂ ದಾಟಬಹುದು. ನೂರು ದಾಟಬಲ್ಲ “ಶೇಕಡ”ವನ್ನು ಕಂಡಾಗ ಮೇಲಿನವರು ಕೆಳಗಿನವರ ಪೈಕಿಯಲ್ಲ ಎಂದು ತಿಳಿಯಬೇಕು.

ಎರಡನೆಯದು ತಾಳಮದ್ದಳೆಯ ಆಮಂತ್ರಣ. ಪ್ರಸಂಗದ ಹೆಸರು, ಭಾಗವತರು, ಅರ್ಥಧಾರಿಗಳ ಪಟ್ಟಿ, ಸ್ಥಳ, ಸಮಯ. ಏಳು ದಿನಗಳಲ್ಲಿ ರೀಚ್ 840, ವ್ಯೂಸ್ 1,260. ಲೈಕ್ 61, ಕಾಮೆಂಟ್ 19, ಶೇರ್ 25, ಸೇವ್ 21, ಒಟ್ಟು 126. ಫಾಲೋವರ್ ಲೆಕ್ಕದಲ್ಲಿ ಶೇ. 3, ರೀಚ್ ಲೆಕ್ಕದಲ್ಲಿ ಶೇ. 15. ರೀಲ್ ಎದುರು ಇಟ್ಟು ನೋಡಿ: ಮೊದಲ ಅಳತೆಯಲ್ಲಿ ಆಮಂತ್ರಣ ಸೋತಿದೆ, ಎರಡನೆಯದರಲ್ಲಿ ನಾಲ್ಕೂವರೆ ಪಟ್ಟು ಗೆದ್ದಿದೆ. ಈ 15ರಲ್ಲಿಯೂ ಒಂದು ಕಲಬೆರಕೆ ಇತ್ತು. ಹತ್ತೊಂಬತ್ತು ಕಾಮೆಂಟ್‌ಗಳಲ್ಲಿ ಎಂಟು ನಾನೇ ಬರೆದ ಉತ್ತರಗಳು: “ಸಂಜೆ ಐದಕ್ಕೆ ಸರಿಯಾಗಿ”, “ಊಟ ಉಂಟು, ಬನ್ನಿ”. ಪೇಜಿನವರು ಕೊಟ್ಟ ಉತ್ತರವೂ ಕಾಮೆಂಟ್ ಸಂಖ್ಯೆಯೊಳಗೆ ಸೇರುತ್ತದೆ. ಅವನ್ನು ಕಳೆದರೆ 118, ದರ ಶೇ. 14. ಪ್ರತಿಯೊಬ್ಬರಿಗೂ ಉತ್ತರಿಸುವ ಒಳ್ಳೆಯ ಅಭ್ಯಾಸವಿದ್ದವರ ದರ ಹೀಗೆ ಕಾಣದಂತೆ ಉಬ್ಬಿರುತ್ತದೆ. ಸಣ್ಣ ಪೇಜುಗಳಲ್ಲಿ ಈ ಉಬ್ಬು ದೊಡ್ಡದು.

ಇನ್ನು ಸರಾಸರಿ. ಎರಡು ಪೋಸ್ಟ್‌ಗಳ ಫಾಲೋವರ್ ದರ 50 ಮತ್ತು 3, ಸರಾಸರಿ 26.5. ಆ ಇನ್ನೊಂದು ತಂಡದ 26 ಇಂತಹದೇ ಲೆಕ್ಕದ ಫಲ. ರೀಚ್ ದರ 3.3 ಮತ್ತು 15, ಸರಾಸರಿ 9.2. ಹಾಗಲ್ಲದೆ ಎಲ್ಲ ಪ್ರತಿಕ್ರಿಯೆಗಳನ್ನು ಕೂಡಿಸಿ (2,226), ಎಲ್ಲ ರೀಚ್ ಕೂಡಿಸಿ (63,840), ಒಂದೇ ಸಲ ಭಾಗಿಸಿದರೆ 3.5. ನಾನು ಫೋನಿನಲ್ಲಿ ಹೇಳಿದ್ದು ಇದನ್ನು. ದರಗಳ ಸರಾಸರಿ ತೆಗೆದಾಗ ಪ್ರತಿ ಪೋಸ್ಟ್‌ಗೂ ಒಂದೇ ತೂಕ, 840 ಜನ ನೋಡಿದ್ದಕ್ಕೂ 63,000 ಜನ ನೋಡಿದ್ದಕ್ಕೂ. ಕೂಡಿಸಿ ಭಾಗಿಸಿದಾಗ ಓಡಿದ ಒಂದು ರೀಲ್ ಉಳಿದ ಎಲ್ಲವನ್ನೂ ನುಂಗುತ್ತದೆ. ಅಂದು ನಾನು ಹೇಳಿದ 3.5 ಹೆಚ್ಚುಕಡಿಮೆ ಆ ರೀಲ್‌ನದೇ ದರ. ನಮ್ಮ ಪೇಜಿನ ದಿನನಿತ್ಯದ ಬದುಕು ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಅಷ್ಟರ ಮಟ್ಟಿಗೆ ನಾನು ಕೊಟ್ಟ ಉತ್ತರವೂ ಆ ಮಳಿಗೆಯವರಿಗೆ ಉಪಯೋಗದ್ದಲ್ಲ ಎಂದು ಒಪ್ಪುತ್ತೇನೆ. ಇಷ್ಟು ಮಾಡಿದ ಮೇಲೂ 63,840 ಎಂಬುದು ಜನರ ಎಣಿಕೆಯಲ್ಲ: ಎರಡನ್ನೂ ನೋಡಿದವರು ಎರಡು ಸಲ ಸೇರಿದ್ದಾರೆ. ಇಡೀ ತಿಂಗಳ ರೀಚ್ ಅನ್ನು ಇನ್‌ಸ್ಟಾಗ್ರಾಮ್ ಪುನರಾವರ್ತನೆ ತೆಗೆದು ತೋರಿಸುತ್ತದೆ. ಅದರಿಂದ ಭಾಗಿಸಿದರೆ ಬರುವುದು ಮತ್ತೊಂದು ಸಂಖ್ಯೆ.

ಹಾಗಾದರೆ ಫಾಲೋವರ್ ಲೆಕ್ಕ ಏಕೆ ಬಳಕೆಯಲ್ಲಿದೆ? ಭಾಗಿಸಲು ಎಲ್ಲ ಪೋಸ್ಟ್‌ಗಳಿಗೂ ಹೊರಗಿನವರಿಗೆ ಸಿಗುವ ಸಂಖ್ಯೆ ಅದೊಂದೇ. ರೀಚ್ ಪೇಜಿನ ಒಡೆಯರಿಗೆ ಮಾತ್ರ ಕಾಣುತ್ತದೆ. ಹತ್ತು ಪೇಜುಗಳನ್ನು ದೂರದಿಂದ ಹೋಲಿಸಬೇಕಾದವರಿಗೆ ಬೇರೆ ದಾರಿ ಇಲ್ಲ, ಆ ಕೆಲಸಕ್ಕೆ ಅದು ಸಲ್ಲುತ್ತದೆ. ನಾನು ಆಕ್ಷೇಪಿಸುವುದು ನೇರವಾಗಿ ಕೇಳಿ ತಿಳಿಯಬಹುದಾದಾಗಲೂ ಅದನ್ನೇ ಹಿಡಿದುಕೊಳ್ಳುವುದನ್ನು. ಜಾಲತಾಣದಿಂದ ಜಾಲತಾಣಕ್ಕೆ ಹೋಲಿಸುವವರಿಗೂ ಇದೇ ಮಾತು. ಲಿಂಕ್ಡ್‌ಇನ್ ತನ್ನ ದರದ ಮೇಲಿನ ಸಂಖ್ಯೆಯಲ್ಲಿ ಕ್ಲಿಕ್ಕುಗಳನ್ನೂ ಸೇರಿಸುತ್ತದೆ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು, ಒಂದು ವ್ಯೂ. ಕೆಳಗಿನ ಸಂಖ್ಯೆ ಉಬ್ಬಿದ್ದರಿಂದ ಅಂದಿನಿಂದ ವ್ಯೂಸ್ ಲೆಕ್ಕದ ದರ ತಾನಾಗಿ ಕುಗ್ಗಿ ಕಾಣುತ್ತದೆ. ಆ ದಿನದ ಹಿಂದಿನ ಮತ್ತು ಮುಂದಿನ ತಿಂಗಳುಗಳನ್ನು ಒಂದೇ ಗೆರೆಯಲ್ಲಿ ಎಳೆದು “ಜನರ ಆಸಕ್ತಿ ಬಿತ್ತು” ಎನ್ನುವವರಿಗೆ ಗೆರೆಯನ್ನು ಅಲ್ಲಿ ಕತ್ತರಿಸಲು ಹೇಳಬೇಕು.

ಆ ಮಳಿಗೆಯವರು ಬೇರೊಂದನ್ನು ಕೇಳಿದ್ದರೆ ನಾನು ಸಂತೋಷದಿಂದ ಅರ್ಧ ಗಂಟೆ ಮಾತನಾಡುತ್ತಿದ್ದೆ: “ಯಾವ ಪೋಸ್ಟನ್ನು ನಮ್ಮ ಅಂಗಡಿಗೆ ಬರಬಹುದಾದವರು ನೋಡಿದರು, ನೋಡಿ ಏನು ಮಾಡಿದರು?” ಅವರ ಮಳಿಗೆ ಕಾಸರಗೋಡಿನಲ್ಲಿದೆ. ರೀಲ್‌ಗೆ ಬಂದ 2,100 ಪ್ರತಿಕ್ರಿಯೆಗಳಲ್ಲಿ 1,720 ಲೈಕ್‌ಗಳು. ಶೇರ್ 210, ಅಂದರೆ 300 ಜನರಿಗೆ ಒಂದು. ಆಮಂತ್ರಣದಲ್ಲಿ ಶೇರ್ 25, ಸುಮಾರು 34 ಜನರಿಗೆ ಒಂದು. ಆಮಂತ್ರಣವನ್ನು ಸೇವ್ ಮಾಡಿಟ್ಟವರು ದಿನಾಂಕ ಮರೆಯದಿರಲಿ ಎಂದು ಮಾಡಿದವರು, ಶೇರ್ ಮಾಡಿದವರು ಬದಿಯಡ್ಕದಲ್ಲಿಯೋ ಮಂಜೇಶ್ವರದಲ್ಲಿಯೋ ಇರುವ ಭಾವನಿಗೆ ಕಳುಹಿಸಿದವರು. ಲೈಕ್ ಮತ್ತು ಶೇರ್‌ಗಳನ್ನು ಒಂದೊಂದೇ ಎಂದು ಕೂಡಿಸುವ ಸೂತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಇನ್ನೂ ಒಂದಿದೆ, ಅದು ಯಾವ ಸೂತ್ರಕ್ಕೂ ಸಿಗುವುದಿಲ್ಲ: ನಮ್ಮ ಕಡೆಯ ಹಿರಿಯರು ಆಮಂತ್ರಣದ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನ ಕುಟುಂಬದ ಗುಂಪಿಗೆ ಹಾಕುತ್ತಾರೆ. ಅಲ್ಲಿ ಅದನ್ನು ಇನ್ನೂರು ಜನ ನೋಡಿದರೂ ನಮ್ಮ ಪೇಜಿನಲ್ಲಿ ಸೊನ್ನೆ.

ತಾಳಮದ್ದಳೆಯ ಆ ಸಂಜೆ ಸಭಾಂಗಣದಲ್ಲಿ ಕುರ್ಚಿಗಳನ್ನು ನಾನೇ ಎಣಿಸಿದೆ, 140 ತುಂಬಿದ್ದವು. ಕೈಗೆ ಸಿಕ್ಕವರನ್ನೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಹೆಚ್ಚಿನವರ ಉತ್ತರ “ವಾಟ್ಸ್‌ಆ್ಯಪ್‌ನಲ್ಲಿ ಬಂತು”. ಬಣ್ಣದ ವೇಷದ ರೀಲ್ ನೋಡಿ ಬಂದೆ ಎಂದವರು ಒಬ್ಬರು, ಅವರೂ ಆ ವೇಷಧಾರಿಯ ಸಹೋದ್ಯೋಗಿ.

ಈಗ ಯಾರು ಕೇಳಿದರೂ ಬರಹದಲ್ಲಿ ಹೀಗೆ ಕಳುಹಿಸುತ್ತೇನೆ: ಹಿಂದಿನ ಹನ್ನೆರಡು ಪೋಸ್ಟ್‌ಗಳು, ಪ್ರತಿಯೊಂದೂ ಹಾಕಿದ ಏಳನೆಯ ದಿನದ ಲೆಕ್ಕ, ರೀಚ್‌ನಿಂದ ಭಾಗಿಸಿದ್ದು, ನಮ್ಮ ಉತ್ತರಗಳನ್ನು ಕಳೆದದ್ದು, ಹಣ ಕೊಟ್ಟು ಬೂಸ್ಟ್ ಮಾಡಿದ್ದನ್ನು ಬೇರೆ ಇಟ್ಟದ್ದು. ಸರಾಸರಿಯ ಬದಲು ದರಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನ ಎರಡನ್ನು ತೋರಿಸುತ್ತೇನೆ, ಏಳು ದಿನಗಳೊಳಗೇ ಓಡಿದ ರೀಲ್ ಇದ್ದರೆ ಅದು ಪಟ್ಟಿಯ ತುದಿಯಲ್ಲಿ ತನ್ನ ಪಾಡಿಗೆ ಇರುತ್ತದೆ. ಕೆಳಗೆ ಶೇರ್‌ಗಳ ಸಂಖ್ಯೆ ಪ್ರತ್ಯೇಕ. ಮುಂದಿನ ತಾಳಮದ್ದಳೆಗೆ ಇದನ್ನು ಅದೇ ಮಳಿಗೆಯವರಿಗೂ ಕಳುಹಿಸಿದ್ದೇನೆ. ಆ ಇನ್ನೊಂದು ತಂಡದಿಂದಲೂ ಇದೇ ರೀತಿಯಲ್ಲಿ ಲೆಕ್ಕ ತರಿಸಿಕೊಂಡು ಆಮೇಲೆ ಹೋಲಿಸಿ ಎಂದು ಬರೆದಿದ್ದೇನೆ.